ಅರ್ಜಿಯ ಮೇಲಿನ ಹತ್ತು ಅಂಕಿ

ಕೆಲಸ ಹುಡುಕುವವರು ರೆಸ್ಯೂಮ್‌ನ ಒಂದೊಂದು ಸಾಲನ್ನೂ ತಿದ್ದಿ ತೀಡುತ್ತಾರೆ. ಓದು, ಅಂಕ, ಅನುಭವ, ಕಂಪ್ಯೂಟರ್ ಕೋರ್ಸು ಎಲ್ಲವನ್ನೂ ನಾಲ್ಕು ಜನರಿಗೆ ತೋರಿಸಿ ಸರಿಪಡಿಸಿಕೊಳ್ಳುತ್ತಾರೆ. ಫೋನ್ ನಂಬರನ್ನು ಮಾತ್ರ ಯಾರೂ ಎರಡನೇ ಸಲ ನೋಡುವುದಿಲ್ಲ. ಆದರೆ ಕೆಲಸ ಕೊಡುವವರು ಉಳಿದ ಸಾಲುಗಳನ್ನು ಓದುತ್ತಾರಷ್ಟೆ. ಕೈಯಿಂದ ಒತ್ತಿ ಬಳಸುವುದು ಈ ಒಂದೇ ಸಾಲನ್ನು. ಅಲ್ಲಿ ಒಂದು ಅಂಕಿ ಹೆಚ್ಚು ಕಡಿಮೆಯಾದರೆ ಮೇಲಿನ ಎಲ್ಲ ತಿದ್ದುಪಡಿಯೂ ವ್ಯರ್ಥ.

ಸಣ್ಣ ಕಂಪನಿಯಲ್ಲಾಗಲಿ ದೊಡ್ಡದರಲ್ಲಾಗಲಿ, ಅರ್ಜಿ ಹಾಕಿದವರನ್ನು ಕರೆಯುವ ಕೆಲಸ ನಡೆಯುವ ಬಗೆ ಹೆಚ್ಚು ಕಡಿಮೆ ಒಂದೇ. ಒಬ್ಬರ ಮುಂದೆ ಹೆಸರು ಮತ್ತು ನಂಬರುಗಳ ಪಟ್ಟಿ ಇರುತ್ತದೆ. ಮಧ್ಯಾಹ್ನದೊಳಗೆ ಇಷ್ಟು ಜನರ ಹತ್ತಿರ ಮಾತಾಡಿ ಮುಗಿಸಬೇಕು ಎಂದಿರುತ್ತದೆ. ಒಂದು ನಂಬರ್ ಸ್ವಿಚ್ ಆಫ್ ಆಗಿದ್ದರೆ, ಅಸ್ತಿತ್ವದಲ್ಲಿಲ್ಲ ಎಂದು ಬಂದರೆ, ಬೇರೆ ಯಾರೋ ಎತ್ತಿ ‘ಅವನು ಇಲ್ಲಿಲ್ಲ’ ಎಂದರೆ ಆ ಹೆಸರಿನ ಮುಂದೆ ಒಂದು ಗುರುತು ಹಾಕಿ ಕೆಳಗಿನ ಹೆಸರಿಗೆ ಹೋಗುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿಮ್ಮ ಸರಿಯಾದ ನಂಬರನ್ನು ಹುಡುಕಿ ತೆಗೆಯುವಷ್ಟು ಪುರುಸೊತ್ತು ಅವರಿಗಿಲ್ಲ.

ಶಿರಸಿ ಸೀಮೆಯ ಹಳ್ಳಿಯೊಂದರ ಹುಡುಗಿಯೊಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಿ.ಕಾಂ. ಮುಗಿದಿದೆ, ಟ್ಯಾಲಿ ಕಲಿತಿದ್ದಾಳೆ. ಹುಬ್ಬಳ್ಳಿ ಮತ್ತು ಬೆಂಗಳೂರಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಮನೆಯೊಳಗೆ ಸಿಗ್ನಲ್ ಬರುವುದಿಲ್ಲ, ಅಂಗಳದ ತುದಿಗೆ ಹೋದರೆ ಎರಡು ಗೆರೆ ಬರುತ್ತದೆ. ಅವಳ ಕೈಯಲ್ಲಿರುವ ಸಿಮ್ ಅಣ್ಣನ ಹೆಸರಿನಲ್ಲಿ ತೆಗೆದದ್ದು. ಅಪ್ಪನ ಹತ್ತಿರ ಬಿಎಸ್‌ಎನ್‌ಎಲ್ ಮೊಬೈಲ್ ಇದೆ, ಮನೆಗೆ ಹಳೆಯ ಲ್ಯಾಂಡ್‌ಲೈನ್ ಇದೆ. ಪೇಟೆಯ ಸೈಬರ್ ಸೆಂಟರ್‌ನವರು ಮಾಡಿಕೊಟ್ಟ ರೆಸ್ಯೂಮ್‌ನಲ್ಲಿ ನಂಬರಿನ ಸಾಲು ಹೀಗಿದೆ:

```
098×××××××× / 94××××××××, 08384-××××××
```

ಹುಡುಗಿ ಕಾಲ್ಪನಿಕಳು. ಆದರೆ ಇಂಥ ಸಾಲು ನಮ್ಮ ಊರುಗಳಿಂದ ಹೋಗುವ ಎಷ್ಟೋ ರೆಸ್ಯೂಮ್‌ಗಳಲ್ಲಿ ಇರುತ್ತದೆ. ಮೂರರಲ್ಲಿ ಒಂದಾದರೂ ಹತ್ತಲಿ ಎನ್ನುವುದು ಇದರ ಹಿಂದಿನ ಲೆಕ್ಕ. ಕರೆ ಮಾಡುವವರಿಗೆ ಯಾವುದನ್ನು ಮೊದಲು ಒತ್ತಬೇಕು, ಯಾರು ಎತ್ತುತ್ತಾರೆ ಎನ್ನುವುದು ಗೊತ್ತಾಗುವುದಿಲ್ಲ. ಅವರು ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತುತ್ತಾರೆ, ಅದು ಹತ್ತದಿದ್ದರೆ ಅಲ್ಲಿಗೇ ಬಿಡುತ್ತಾರೆ. ಅದಕ್ಕೇ ರೆಸ್ಯೂಮ್‌ನಲ್ಲಿ ಒಂದೇ ನಂಬರ್ ಇರಬೇಕು ಎನ್ನುತ್ತೇನೆ.

ಯಾವುದು ಆ ಒಂದು?

ಹಗಲು ಹತ್ತರಿಂದ ಸಂಜೆ ಆರರವರೆಗೆ ನಿಮ್ಮ ಕೈಯಲ್ಲೇ ಇರುವ, ನೀವೇ ಎತ್ತುವ ಮೊಬೈಲಿನ ನಂಬರ್. ಅಪ್ಪನದ್ದು ಬೇಡ. ಅಪ್ಪ ತೋಟಕ್ಕೆ ಹೋದಾಗ ಕರೆ ಬಂದರೆ ಯಾವ ಕಂಪನಿ, ಎಷ್ಟು ಗಂಟೆಗೆ, ಯಾವ ಕಾಗದ ತರಬೇಕು ಎಂಬುದೆಲ್ಲ ಸಂಜೆ ಮನೆ ತಲುಪುವ ಹೊತ್ತಿಗೆ ‘ಬೆಂಗಳೂರಿಂದ ಯಾರೋ ಫೋನ್ ಮಾಡಿದ್ದರು ಮಗಾ’ ಎಂಬಷ್ಟಕ್ಕೆ ಇಳಿದಿರುತ್ತದೆ. ಲ್ಯಾಂಡ್‌ಲೈನ್‌ಗೆ ಎಸ್ಸೆಮ್ಮೆಸ್ ಬರುವುದಿಲ್ಲ. ಸಂದರ್ಶನದ ವಿಳಾಸ, ವಿಡಿಯೋ ಕರೆಯ ಲಿಂಕ್ ಈಗ ಬಹುತೇಕ ವಾಟ್ಸ್ಯಾಪ್‌ನಲ್ಲೇ ಬರುತ್ತವೆ. ಹಾಗಾಗಿ ಕೊಡುವ ನಂಬರಿನಲ್ಲೇ ವಾಟ್ಸ್ಯಾಪ್ ಇರಲಿ. ಕರೆಗೆ ಒಂದು, ವಾಟ್ಸ್ಯಾಪ್‌ಗೆ ಇನ್ನೊಂದು ಎಂದು ಬರೆದರೆ ಮತ್ತೆ ಎರಡು ನಂಬರಿನ ಗೊಂದಲಕ್ಕೇ ಬಂದು ನಿಲ್ಲುತ್ತೀರಿ.

ಈಗಾಗಲೇ ಕೆಲಸದಲ್ಲಿದ್ದು ಬೇರೆ ಕಡೆ ನೋಡುತ್ತಿರುವವರು ಆಫೀಸಿನ ನಂಬರನ್ನಂತೂ ಹಾಕಲೇಬಾರದು. ಕಂಪನಿ ಕೊಟ್ಟ ಸಿಯುಜಿ ಸಿಮ್ ಕಂಪನಿಯ ಹೆಸರಿನಲ್ಲಿರುತ್ತದೆ, ಅದರ ಬಿಲ್ಲು ಅಲ್ಲಿಗೆ ಹೋಗುತ್ತದೆ. ಕೆಲಸ ಬಿಡುವ ದಿನ ಸಿಮ್ ವಾಪಸು ಕೊಡಬೇಕು. ಆಮೇಲೆ ಅದಕ್ಕೆ ಬರುವ ಕರೆಗಳನ್ನು ನಿಮ್ಮ ಜಾಗಕ್ಕೆ ಬಂದವರು ಎತ್ತುತ್ತಾರೆ.

ನಂಬರ್ ಯಾರ ಹೆಸರಿನಲ್ಲಿದೆ ಎನ್ನುವುದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಹುಡುಗಿಯ ಸಿಮ್ ಅಣ್ಣನ ಗುರುತಿನ ಚೀಟಿಯ ಮೇಲೆ ಬಂದದ್ದು. ನಾಳೆ ಬಸ್ಸಿನಲ್ಲಿ ಫೋನ್ ಕಳೆದರೆ ಡೂಪ್ಲಿಕೇಟ್ ಸಿಮ್ ತೆಗೆಯಲು ಅಣ್ಣನೇ ಮಳಿಗೆಗೆ ಬರಬೇಕು. ಅವನು ಗೋವಾದಲ್ಲಿ ಕೆಲಸಕ್ಕಿದ್ದರೆ ಅವಳ ನಂಬರ್ ವಾರಗಟ್ಟಲೆ ಸತ್ತು ಬಿದ್ದಿರುತ್ತದೆ. ಕರೆ ಬರುವುದು ಆ ವಾರದಲ್ಲೇ ಆಗಿರಬಹುದು. ಆದ್ದರಿಂದ ಅರ್ಜಿ ಹಾಕಲು ಶುರು ಮಾಡುವ ಮೊದಲೇ ಸಿಮ್ಮನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು, ಅಥವಾ ತನ್ನ ಹೆಸರಿನಲ್ಲಿ ಹೊಸದು ತೆಗೆದುಕೊಳ್ಳಬೇಕು. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರುಗಳು ಇವೆ ಎಂದು ನೋಡಲು ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣದಲ್ಲಿ ಅವಕಾಶವಿದೆ.

ಸಿಗ್ನಲ್ಲಿನ ಕಷ್ಟ ನಿಜವಾದದ್ದು. ಮಲೆನಾಡಿನಲ್ಲಿ ಒಂದು ಕಂಪನಿಯ ಟವರ್ ಸಿಗುವಲ್ಲಿ ಇನ್ನೊಂದರದ್ದು ಸಿಗುವುದಿಲ್ಲ. ಅದಕ್ಕೆಂದು ನಂಬರನ್ನೇ ಬದಲಿಸಬೇಕಿಲ್ಲ, ಕಂಪನಿ ಬದಲಿಸಿದರೆ ಸಾಕು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ 2011ರ ಜನವರಿಯಿಂದ ಇದೆ. 2015ರಿಂದ ರಾಜ್ಯ ಬದಲಾದರೂ ನಂಬರ್ ಉಳಿಯುತ್ತದೆ. PORT ಎಂದು ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿ ಬರೆದು 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನು ಹಿಡಿದು ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಅಪ್ಪನ ಬಿಎಸ್‌ಎನ್‌ಎಲ್ ಮನೆಯೊಳಗೂ ಹತ್ತುತ್ತದೆ ಎಂದಾದರೆ ಹುಡುಗಿಯ ನಂಬರನ್ನೂ ಅತ್ತ ಪೋರ್ಟ್ ಮಾಡಿಸುವುದೇ ಸರಿಯಾದ ದಾರಿ.

ಎರಡು ಸಿಮ್ ಹಿಡಿಯುವ ಫೋನ್ ಇದ್ದವರು ಕೆಲಸದ ಹುಡುಕಾಟಕ್ಕೆಂದೇ ಬೇರೆ ನಂಬರ್ ಇಟ್ಟುಕೊಳ್ಳಬಹುದು. ಹೆಣ್ಣುಮಕ್ಕಳಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಜಾಬ್ ಪೋರ್ಟಲ್‌ಗೆ ಹಾಕಿದ ರೆಸ್ಯೂಮ್ ಎಷ್ಟು ಕೈಗಳಿಗೆ ಹೋಗುತ್ತದೆ ಎಂಬ ಲೆಕ್ಕ ನಿಮ್ಮ ಹತ್ತಿರ ಇರುವುದಿಲ್ಲ. ಕೆಲಸಕ್ಕೆ ಸಂಬಂಧವೇ ಇಲ್ಲದ ಕರೆ, ರಾತ್ರಿ ಹೊತ್ತಿನ ಮೆಸೇಜು ಬಂದರೆ ಆ ಒಂದು ಸಿಮ್ಮನ್ನು ಮಲಗುವ ಮುನ್ನ ಬಂದ್ ಮಾಡಿ ಬೆಳಿಗ್ಗೆ ತೆರೆಯಬಹುದು. ಮನೆಯವರ, ಬ್ಯಾಂಕಿನ ನಂಬರ್ ಬೇರೆಯೇ ಉಳಿಯುತ್ತದೆ.

ಆದರೆ ಎರಡನೇ ಸಿಮ್ ಸುಮ್ಮನೆ ಬದುಕಿರುವುದಿಲ್ಲ. ಪ್ರೀಪೇಯ್ಡ್ ಸಿಮ್ಮಿನ ವ್ಯಾಲಿಡಿಟಿ ಮುಗಿದರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಬಿಟ್ಟು ಒಳಬರುವ ಕರೆಯೂ ನಿಲ್ಲುತ್ತದೆ. ಕರೆ ಬರುವುದು ನಿಂತದ್ದನ್ನು ಯಾರೂ ಬಂದು ಹೇಳುವುದಿಲ್ಲ, ಫೋನ್ ಸುಮ್ಮನಿರುತ್ತದೆ ಅಷ್ಟೆ. ನೀವು ಮಾತ್ರ ಯಾವ ಕಂಪನಿಯೂ ಕರೆಯಲಿಲ್ಲ ಎಂದುಕೊಳ್ಳುತ್ತಿರುತ್ತೀರಿ. ಹೀಗೇ ಬಹಳ ಕಾಲ ಬಿಟ್ಟರೆ ನಂಬರ್ ರದ್ದಾಗಿ, ಮೂರು ತಿಂಗಳ ಅಂತರದ ನಂತರ ಬೇರೆಯವರಿಗೆ ಹೋಗಬಹುದು. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕುಗಳನ್ನು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ಹೇಳಿದೆ. ಎರಡನೇ ಸಿಮ್ಮಿಗೆ ಅಂಥ ಪ್ಯಾಕನ್ನು ಕೇಳಿ ಹಾಕಿಸಿಕೊಳ್ಳಿ. ಅರ್ಜಿ ಹಾಕಿದ ದಿನದಿಂದ ಸಂದರ್ಶನ, ದಾಖಲೆಗಳ ಪರಿಶೀಲನೆ, ನೇಮಕಾತಿ ಪತ್ರದವರೆಗೆ ಆರು ತಿಂಗಳು ಹಿಡಿಯುವುದೂ ಉಂಟು. ಅಷ್ಟು ಕಾಲ ಆ ನಂಬರ್ ಜೀವಂತ ಇರಬೇಕು.

ಹೊಸ ಸಿಮ್ ತೆಗೆದುಕೊಂಡವರು ಇನ್ನೊಂದನ್ನು ನೋಡಿಕೊಳ್ಳಿ. ಆ ನಂಬರ್ ಹಿಂದೆ ಇನ್ನೊಬ್ಬರದ್ದಾಗಿರಬಹುದು. ಟ್ರೂಕಾಲರ್‌ನಲ್ಲಿ ಹಳೆಯವರ ಹೆಸರೇ ಉಳಿದಿದ್ದರೆ ಕರೆ ಮಾಡುವವರ ಪರದೆಯ ಮೇಲೆ ನಿಮ್ಮ ಹೆಸರಿನ ಬದಲು ಯಾವುದೋ ಅಂಗಡಿಯ ಹೆಸರು ಬರುತ್ತದೆ. ತಪ್ಪು ನಂಬರಿರಬೇಕು ಎಂದು ಅವರು ಕರೆಯನ್ನೇ ಮಾಡದಿರಬಹುದು. ಸ್ನೇಹಿತರ ಫೋನಿನಲ್ಲಿ ನಿಮ್ಮ ನಂಬರ್ ಹುಡುಕಿ ನೋಡಿ, ಹೆಸರು ತಪ್ಪಿದ್ದರೆ ಆ ಆ್ಯಪ್‌ನಲ್ಲೇ ಸರಿಪಡಿಸಬಹುದು. ವಾಟ್ಸ್ಯಾಪ್‌ನಲ್ಲೂ ನಿಮ್ಮ ಪೂರ್ತಿ ಹೆಸರಿರಲಿ, ಮುಖ ಕಾಣುವ ಸರಳ ಫೋಟೋ ಇರಲಿ. ನಂಬರ್ ಸೇವ್ ಮಾಡಿಕೊಂಡ ಕೂಡಲೇ ಅವರಿಗೆ ಮೊದಲು ಕಾಣುವುದು ಅದೇ.

ಬರೆಯುವ ಬಗೆ

ಹುಡುಗಿಯ ಆ ಸಾಲನ್ನು ಈಗ ತಿದ್ದೋಣ. ಮೂರು ನಂಬರಿನಲ್ಲಿ ಅವಳ ಮೊಬೈಲ್ ಒಂದೇ ಉಳಿಯುತ್ತದೆ. ಅದರ ಮುಂದಿನ ಸೊನ್ನೆ ಹೋಗಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಕರೆ ಮಾಡುವಾಗ ಸೊನ್ನೆ ಸೇರಿಸಬೇಕು ಎಂಬ ನಿಯಮ ಬಂದಿರುವುದು ನಿಜ. ಆದರೆ ಅದು ಕರೆ ಮಾಡುವವರು ಒತ್ತಬೇಕಾದ ಸೊನ್ನೆ, ನಂಬರಿನ ಭಾಗವಲ್ಲ. ಭಾರತದಲ್ಲಿ ದೇಶದ ಕೋಡ್ ಬಿಟ್ಟರೆ ಮನೆಯ ಲ್ಯಾಂಡ್‌ಲೈನಿಗಾಗಲಿ ಕೈಯ ಮೊಬೈಲಿಗಾಗಲಿ ಹತ್ತೇ ಅಂಕಿ. ಮೊಬೈಲಿಗೆ ನೇರ ಹತ್ತು. ಲ್ಯಾಂಡ್‌ಲೈನಿನಲ್ಲಿ ಊರಿನ ಕೋಡ್ ಉದ್ದವಾದಷ್ಟೂ ಮನೆಯ ನಂಬರ್ ಗಿಡ್ಡವಾಗುತ್ತದೆ: ಬೆಂಗಳೂರಿನ 80ರ ಮುಂದೆ ಎಂಟು ಅಂಕಿ, ಹುಬ್ಬಳ್ಳಿಯ 836ರ ಮುಂದೆ ಏಳು, ಶಿರಸಿಯ 8384ರ ಮುಂದೆ ಆರು. ಬರೆದದ್ದನ್ನು ಎಣಿಸಿ ನೋಡಿ, ಹತ್ತಕ್ಕಿಂತ ಒಂದು ಹೆಚ್ಚು ಬಂದರೂ ಎಲ್ಲೋ ಸೊನ್ನೆ ನುಸುಳಿದೆ ಎಂದರ್ಥ.

ಅವಳ ಹೊಸ ಸಾಲು ಹೀಗಿರಲಿ:

```
+91 98××× ×××××
```

ಪ್ಲಸ್ ಚಿಹ್ನೆ ಇಟ್ಟರೆ ಯಾವ ದೇಶದಿಂದ ಕರೆ ಮಾಡಿದರೂ ಅಲ್ಲಿನ ಜಾಲ ತನಗೆ ಬೇಕಾದ ಅಂತರರಾಷ್ಟ್ರೀಯ ಅಂಕಿಗಳನ್ನು ತಾನೇ ಸೇರಿಸಿಕೊಳ್ಳುತ್ತದೆ. ಅಮೆರಿಕದಿಂದಾದರೆ 011, ಯುರೋಪಿನಿಂದಾದರೆ 00. ಹಾಗಾಗಿ 0091 ಎಂದು ಬರೆಯಬೇಡಿ, ಅದು ಎಲ್ಲ ಕಡೆ ನಡೆಯುವುದಿಲ್ಲ. +91 (0) ಎಂದು ಬ್ರಾಕೆಟ್ಟಿನಲ್ಲಿ ಸೊನ್ನೆ ಇಡುವ ರೂಢಿಯನ್ನೂ ಬಿಡಬೇಕು. ಹೊರಗಿನವರಿಗೆ ಅದನ್ನು ಒತ್ತಬೇಕೋ ಬಿಡಬೇಕೋ ತಿಳಿಯುವುದಿಲ್ಲ. ಐದೈದು ಅಂಕಿಯ ಎರಡು ಗುಂಪು ಮಾಡುವುದು ನಮ್ಮವರು ಬಾಯಲ್ಲಿ ಹೇಳುವ ಲಯಕ್ಕೂ ಹೊಂದುತ್ತದೆ, ಪರದೆಯಿಂದ ನೋಡಿ ಒತ್ತುವವರಿಗೂ ಕಣ್ಣು ತಪ್ಪುವುದಿಲ್ಲ. ಗುಂಪುಗಳ ನಡುವೆ ಗೆರೆ, ಚುಕ್ಕೆ ಯಾವುದೂ ಬೇಡ, ಖಾಲಿ ಜಾಗ ಸಾಕು.

ಗೆರೆ ಯಾಕೆ ಬೇಡ ಎನ್ನಲು ಒಂದು ಗಟ್ಟಿ ಕಾರಣವಿದೆ. ರೆಸ್ಯೂಮ್‌ನಿಂದ ನಿಮ್ಮ ನಂಬರನ್ನು ಎತ್ತಿ ಎಕ್ಸೆಲ್ ಪಟ್ಟಿಗೆ ಅಂಟಿಸುವವರು ಬಹಳ. ಎಕ್ಸೆಲ್‌ನ ಕೋಶದಲ್ಲಿ ಪ್ಲಸ್ಸಿನಿಂದ ಶುರುವಾಗಿ ನಡುವೆ ಗೆರೆಗಳಿರುವ ನಂಬರ್ ಬಿದ್ದರೆ ಅದು ನಂಬರೆಂದು ಎಕ್ಸೆಲ್ಲಿಗೆ ತಿಳಿಯುವುದಿಲ್ಲ. ಲೆಕ್ಕ ಮಾಡಲು ಹೇಳಿದ್ದಾರೆಂದು ತಿಳಿದು, 91ರಿಂದ ನಿಮ್ಮ ಮೊದಲ ಐದು ಅಂಕಿಯನ್ನೂ ಆಮೇಲಿನ ಐದನ್ನೂ ಕಳೆದು ಒಂದು ಮೈನಸ್ ಸಂಖ್ಯೆಯನ್ನು ತೋರಿಸುತ್ತದೆ. ಜಾಗವನ್ನೇ ಬಿಡದೆ +91 ಸೇರಿಸಿ ಹನ್ನೆರಡು ಅಂಕಿ ಒಟ್ಟಿಗೆ ಬರೆದರೆ ಅದನ್ನು ದೊಡ್ಡ ಸಂಖ್ಯೆ ಎಂದು ತಿಳಿದು ಪ್ಲಸ್ಸನ್ನು ಎತ್ತಿಹಾಕಿ, 9.198E+11 ಎಂಬಂತೆ ಮೊಟಕು ಮಾಡಿ ತೋರಿಸುತ್ತದೆ. ಸೊನ್ನೆಯಿಂದ ಶುರುವಾದದ್ದರ ಸೊನ್ನೆಯನ್ನು ತೆಗೆದುಬಿಡುತ್ತದೆ. ನಡುವೆ ಖಾಲಿ ಜಾಗವಿದ್ದಾಗ ಮಾತ್ರ ಅದನ್ನು ಬರಹವೆಂದು ತಿಳಿದು ಇದ್ದ ಹಾಗೇ ಬಿಡುತ್ತದೆ. ನೀವೇ ಕಾಲೇಜಿನ ಪ್ಲೇಸ್‌ಮೆಂಟ್ ಪಟ್ಟಿ ತುಂಬಿಸುವವರಾಗಿದ್ದರೆ ನಂಬರಿನ ಕಾಲಮ್ಮನ್ನು ಮೊದಲೇ Text ಎಂದು ಬದಲಿಸಿಕೊಂಡು ಆಮೇಲೆ ತುಂಬಿ. ನಲವತ್ತು ಮಕ್ಕಳ ನಂಬರುಗಳು ಆ ಒಂದು ಕ್ಲಿಕ್ಕಿನ ಮೇಲೆ ನಿಂತಿರುತ್ತವೆ.

ನಂಬರನ್ನು ಹೆಸರಿನ ಕೆಳಗೆ, ಇಮೇಲ್‌ನ ಪಕ್ಕ, ಮಾಮೂಲಿ ಅಕ್ಷರದಲ್ಲೇ ಬರೆಯಿರಿ. ವರ್ಡ್‌ನಲ್ಲಿ ಹಾಳೆಯ ನೆತ್ತಿಗೆ ಹೆಡರ್ ಎಂಬ ಪ್ರತ್ಯೇಕ ಜಾಗವಿರುತ್ತದೆ, ಅಲ್ಲಿ ಬರೆದದ್ದನ್ನು ರೆಸ್ಯೂಮ್ ಓದುವ ಕೆಲವು ತಂತ್ರಾಂಶಗಳು ಬಿಟ್ಟುಬಿಡುತ್ತವೆ. ಚಿತ್ರವಾಗಿ ಅಂಟಿಸಿದ ನಂಬರನ್ನೂ ಅವು ಓದದೆ ಹೋಗಬಹುದು. ಹಾಗೆಯೇ ಅಂಕಿಗಳು 9, 8 ಎಂದೇ ಇರಲಿ. ಕನ್ನಡದ ಅಂಕಿಗಳ ಮೇಲೆ ನನಗೆ ಪ್ರೀತಿ ಇದೆ, ಕನ್ನಡದಲ್ಲೇ ಬರೆದ ಅರ್ಜಿಯಲ್ಲಿ ಅವು ಚೆಂದವಾಗಿಯೂ ಕಾಣುತ್ತವೆ. ಆದರೆ ಬೆರಳಿಟ್ಟರೆ ಕರೆ ಹೋಗಬೇಕಾದ ಜಾಗದಲ್ಲಿ ಅವನ್ನು ಬಹಳಷ್ಟು ಫೋನ್‌ಗಳು ನಂಬರ್ ಎಂದು ಗುರುತಿಸುವುದಿಲ್ಲ.

ಎರಡನೇ ನಂಬರ್ ಕೊಡಲೇಬೇಕಾದ ಸಂದರ್ಭವೂ ಇರುತ್ತದೆ. ಹಗಲು ಹೊತ್ತು ಫೋನ್ ಒಳಗೆ ಒಯ್ಯಲು ಬಿಡದ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಬೇರೆ ದಾರಿ ಇಲ್ಲ. ಆಗ ಅದನ್ನು ಬೇರೆ ಸಾಲಿನಲ್ಲಿ ಬರೆದು, ಎತ್ತುವವರು ಯಾರು ಎನ್ನುವುದನ್ನೂ ಬರೆಯಿರಿ: ‘ಪರ್ಯಾಯ ನಂಬರ್, ಅಕ್ಕ’ ಎಂದರೆ ಸಾಕು. ಆ ಅಕ್ಕನಿಗೆ ನೀವು ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ ಎಂಬ ಪಟ್ಟಿ ಗೊತ್ತಿರಬೇಕು. ಒಂದೇ ನಂಬರಿನ ಬಾಲಕ್ಕೆ ಓರೆಗೆರೆ ಎಳೆದು ಇನ್ನೊಂದರ ಕೊನೆಯ ಎರಡು ಅಂಕಿ ಮಾತ್ರ ಬರೆಯುವುದು ಅಂಗಡಿಯ ಬೋರ್ಡಿಗೆ ಸರಿ, ರೆಸ್ಯೂಮ್‌ಗೆ ಬೇಡ.

ಫಾರಂ ತುಂಬುವಾಗ ಆಗುವ ಮೋಸ

ರೆಸ್ಯೂಮ್‌ನಲ್ಲಿ +91 ಬೇಕು ಎಂದೆ. ಆನ್‌ಲೈನ್ ಫಾರಂನಲ್ಲಿ ಅದೇ +91 ಕೈಕೊಡುವುದುಂಟು. ನಮ್ಮ ಅನೇಕ ಪೋರ್ಟಲ್‌ಗಳಲ್ಲಿ ಮೊಬೈಲ್ ನಂಬರಿನ ಚೌಕ ಹತ್ತೇ ಅಂಕಿ ಹಿಡಿಯುತ್ತದೆ. ದೇಶದ ಕೋಡ್ ಪಕ್ಕದಲ್ಲಿ ಬೇರೆಯಾಗಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ನಮ್ಮ ಹುಡುಗಿ ಅಲ್ಲಿ 91 ಸೇರಿಸಿ ಹೊಡೆದಳು ಎಂದುಕೊಳ್ಳಿ. ಚೌಕ ಮೊದಲ ಹತ್ತು ಅಂಕಿಯನ್ನು ಹಿಡಿದುಕೊಂಡು ಕೊನೆಯ ಎರಡನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಉಳಿದದ್ದು 9198 ಎಂದು ಶುರುವಾಗುವ ಹತ್ತು ಅಂಕಿ. ಭಾರತದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುತ್ತವೆ. ಇದೂ 9ರಿಂದಲೇ ಶುರುವಾದ ಕಾರಣ ಫಾರಂ ಇದನ್ನು ತಪ್ಪು ಎನ್ನುವುದಿಲ್ಲ, ಹಸಿರು ಗುರುತು ಹಾಕಿ ಮುಂದಕ್ಕೆ ಬಿಡುತ್ತದೆ. ಆ ನಂಬರ್ ಎಲ್ಲೋ ಇರುವ ಇನ್ನೊಬ್ಬರದ್ದಾಗಿರಬಹುದು. ಕಂಪನಿಯವರು ಅವರಿಗೆ ಕರೆ ಮಾಡುತ್ತಾರೆ, ಅವರು ರಾಂಗ್ ನಂಬರ್ ಎಂದು ಇಡುತ್ತಾರೆ.

ಕೈಯಿಂದ ಹೊಡೆಯದಿದ್ದರೂ ಇದು ಆಗುತ್ತದೆ. ಬ್ರೌಸರ್ ನಿಮ್ಮ ಹಳೆಯ ವಿವರಗಳನ್ನು ನೆನಪಿಟ್ಟುಕೊಂಡು ತಾನೇ ತುಂಬಿಕೊಡುವಾಗ +91 ಸೇರಿಸಿಯೇ ತುಂಬುವುದುಂಟು. ಅದಕ್ಕೇ ನಂಬರಿನ ಚೌಕವನ್ನು ಒಮ್ಮೆ ಖಾಲಿ ಮಾಡಿ, ಹತ್ತು ಅಂಕಿಯನ್ನು ನೀವೇ ಹೊಡೆದು, ಕೊನೆಯ ಎರಡು ಅಂಕಿಯನ್ನು ನೋಡಿ. ತಪ್ಪು ಆಗಿದ್ದರೆ ಗೊತ್ತಾಗುವುದು ಆ ಕೊನೆಯ ಎರಡರಲ್ಲಿ. ಒಟಿಪಿ ಕಳಿಸಿ ಪರೀಕ್ಷಿಸುವ ಫಾರಂ ಆದರೆ ಚಿಂತೆ ಇಲ್ಲ. ಒಟಿಪಿ ಇಲ್ಲದ ಫಾರಂಗಳಲ್ಲೇ ಇದು ಆಗುವುದು.

ಸರ್ಕಾರಿ ನೇಮಕಾತಿಯ ಅರ್ಜಿಯಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ. ಅಲ್ಲಿ ನಂಬರ್ ಬರೀ ಕರೆಗೆ ಇರುವುದಲ್ಲ. ನೋಂದಣಿಯ ಒಟಿಪಿ, ಪಾಸ್‌ವರ್ಡ್ ಮರೆತಾಗ ಬರುವ ಕೋಡ್, ಪ್ರವೇಶ ಪತ್ರ ಬಂದಿದೆ ಎಂಬ ಸಂದೇಶ ಎಲ್ಲ ಅದೇ ನಂಬರಿಗೆ ಬರುತ್ತವೆ. ಸೈಬರ್ ಸೆಂಟರ್‌ನಲ್ಲಿ ಸಾಲು ಉದ್ದವಿದ್ದಾಗ, ಅಥವಾ ನಿಮ್ಮ ಫೋನಿಗೆ ಅಲ್ಲಿ ಸಿಗ್ನಲ್ ಸಿಗದಿದ್ದಾಗ, ‘ನನ್ನ ನಂಬರೇ ಹಾಕ್ತೇನೆ, ಒಟಿಪಿ ಬೇಗ ಬರ್ತದೆ’ ಎಂದು ಅಲ್ಲಿನವರು ತಮ್ಮ ನಂಬರನ್ನೇ ಹೊಡೆಯುವುದುಂಟು. ಸಹಾಯ ಮಾಡುವ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ತಿಂಗಳ ನಂತರ ಪರೀಕ್ಷೆಯ ಕೇಂದ್ರ ಬದಲಾಗಿದೆ ಎಂಬ ಸಂದೇಶ ಅವರ ಫೋನಿಗೆ ಬಂದು, ನೂರು ಸಂದೇಶಗಳ ನಡುವೆ ಸೇರಿಹೋಗುತ್ತದೆ. ಒಮ್ಮೆ ಖಚಿತವಾದ ನಂಬರನ್ನು ಬದಲಿಸಲು ಹಲವು ಪೋರ್ಟಲ್‌ಗಳು ಬಿಡುವುದಿಲ್ಲ, ಬಿಟ್ಟರೂ ಹಳೆಯ ನಂಬರಿಗೇ ಒಟಿಪಿ ಕಳಿಸುತ್ತವೆ. ಅರ್ಜಿ ಸಲ್ಲಿಸುವ ಗುಂಡಿ ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ, ನಂಬರನ್ನು ಬೆರಳಿಟ್ಟು ಓದಿ. ಅದನ್ನು ಕೇಳಲು ಸಂಕೋಚ ಬೇಡ. ಅರ್ಜಿ ನಿಮ್ಮದು, ಶುಲ್ಕವನ್ನೂ ನೀವೇ ಕೊಟ್ಟಿದ್ದೀರಿ.

ಕಳಿಸಿದ ಮೇಲೆ

ರೆಸ್ಯೂಮ್‌ನ ಪಿಡಿಎಫ್ ಸಿದ್ಧವಾದ ಮೇಲೆ ಒಂದು ಪರೀಕ್ಷೆ ಮಾಡಿ. ಅದನ್ನು ಗೆಳತಿಗೋ ತಮ್ಮನಿಗೋ ವಾಟ್ಸ್ಯಾಪ್ ಮಾಡಿ, ಅವರ ಫೋನಿನಲ್ಲಿ ತೆರೆದು ಅಲ್ಲಿರುವ ನಂಬರನ್ನು ನೋಡಿಕೊಂಡೇ ನಿಮಗೆ ಕರೆ ಮಾಡಲು ಹೇಳಿ. ಅವರ ಫೋನಿನಲ್ಲಿ ಸೇವ್ ಆಗಿರುವ ನಿಮ್ಮ ಹೆಸರನ್ನು ಒತ್ತಿದರೆ ಪ್ರಯೋಜನವಿಲ್ಲ. ನೀವೇ ಓದಿದರೂ ತಪ್ಪು ಕಾಣಿಸುವುದಿಲ್ಲ, ಏಕೆಂದರೆ ಸ್ವಂತ ನಂಬರನ್ನು ಕಣ್ಣು ಓದುವುದಿಲ್ಲ, ಬಾಯಿಪಾಠ ಒಪ್ಪಿಸಿಬಿಡುತ್ತದೆ. ನಿಮ್ಮ ಫೋನ್ ರಿಂಗಾದರೆ ಸಾಲು ಸರಿ ಇದೆ.

ಇನ್ನು ಫೋನಿನ ಒಳಗೆ. ಗೊತ್ತಿಲ್ಲದ ನಂಬರುಗಳನ್ನು ಸದ್ದಿಲ್ಲದೆ ತಳ್ಳಿಹಾಕುವ ಸೆಟ್ಟಿಂಗ್ ಈಗ ಐಫೋನ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ ಇದೆ. ಸಾಲದ ಕರೆಗಳ ಕಾಟಕ್ಕೆ ಬೇಸತ್ತು ಅದನ್ನು ಹಾಕಿಕೊಂಡವರು ಕೆಲಸ ಹುಡುಕುವ ತಿಂಗಳುಗಳಲ್ಲಿ ತೆಗೆದಿಡಬೇಕು. ನಿಮ್ಮನ್ನು ಕೆಲಸಕ್ಕೆ ಕರೆಯುವವರ ನಂಬರ್ ನಿಮ್ಮ ಫೋನಿನಲ್ಲಿ ಸೇವ್ ಆಗಿರುವುದಿಲ್ಲವಲ್ಲ. ಕಾಲ್ ಫಾರ್ವರ್ಡಿಂಗ್ ಚಾಲೂ ಇದೆಯೇ ಎಂದೂ ಅಲ್ಲೇ ನೋಡಿ, ಇದ್ದರೆ ನಿಮ್ಮ ಕರೆಗಳು ಬೇರೆಡೆಗೆ ಹೋಗುತ್ತಿರುತ್ತವೆ. 140ರಿಂದ ಶುರುವಾಗುವವು ಟೆಲಿಮಾರ್ಕೆಟಿಂಗಿನವು, ಅವನ್ನು ಬಿಡಬಹುದು. 080 ಎಂದು ಶುರುವಾದದ್ದನ್ನು ಮಾತ್ರ ಮಾರಾಟದವರಿರಬೇಕು ಎಂದು ಕತ್ತರಿಸಬೇಡಿ. ಬೆಂಗಳೂರಿನ ಆಫೀಸುಗಳು ಕರೆ ಮಾಡುವುದು ಅಂಥ ನಂಬರುಗಳಿಂದಲೇ.

ಅಂಥ ಕರೆ ತಪ್ಪಿಹೋದರೆ ಒಂದು ಪೇಚು ಇದೆ. 080 ನಂಬರಿಗೆ ನೀವು ವಾಪಸು ಮಾಡಿದರೆ ಅದು ಕಂಪನಿಯ ಬೋರ್ಡಿಗೆ ಹೋಗುತ್ತದೆ. ಅಲ್ಲಿ ಎತ್ತಿದವರಿಗೆ ಇನ್ನೂರು ಜನರಲ್ಲಿ ಯಾರು ನಿಮ್ಮನ್ನು ಕರೆದರು ಎಂಬುದು ತಿಳಿದಿರುವುದಿಲ್ಲ. ಆಗ ‘ಯಾರೋ ಕರೆ ಮಾಡಿದ್ದರು’ ಎನ್ನುವ ಬದಲು ‘ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕಿದ್ದೆ, ನೇಮಕಾತಿ ವಿಭಾಗಕ್ಕೆ ಕೊಡಿ’ ಎನ್ನಬೇಕು. ಅಲ್ಲೂ ಸಿಗದಿದ್ದರೆ ಅರ್ಜಿ ಕಳಿಸಿದ ಇಮೇಲ್‌ಗೇ ಉತ್ತರವಾಗಿ, ಎಷ್ಟು ಗಂಟೆಗೆ ಯಾವ ನಂಬರಿನಿಂದ ಕರೆ ಬಂದಿತ್ತು, ನೀವು ಯಾವ ಹೊತ್ತಿಗೆ ಸಿಗುತ್ತೀರಿ ಎಂದು ಎರಡು ಸಾಲು ಬರೆಯಿರಿ. ಅದನ್ನು ಅದೇ ದಿನ ಮಾಡಬೇಕು.

ನಂಬರ್ ಹೊರಗೆ ಹೋದ ಮೇಲೆ ಮೋಸಗಾರರ ಕರೆಯೂ ಬರುತ್ತದೆ. ರೆಸ್ಯೂಮ್ ಕೈಯಲ್ಲಿ ಹಿಡಿದೇ ಮಾತಾಡುವುದರಿಂದ ನಿಮ್ಮ ಕಾಲೇಜು, ಓದಿದ ವರ್ಷ ಎಲ್ಲ ಸರಿಯಾಗಿ ಹೇಳುತ್ತಾರೆ, ಕೇಳಿದವರು ನಂಬಿಬಿಡುತ್ತಾರೆ. ಗುರುತಿಸುವುದು ಕಷ್ಟವಲ್ಲ: ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಯಾವುದೇ ಹೆಸರಿನಲ್ಲಿ ದುಡ್ಡು ಕೇಳಿದರೆ, ಒಟಿಪಿ ಹೇಳಿ ಎಂದರೆ, ಅದು ಕೆಲಸದ ಕರೆಯಲ್ಲ. ಕಂಪನಿಯ ಹೆಸರು ಕೇಳಿಕೊಂಡು ಫೋನ್ ಇಟ್ಟು, ಆ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ, ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಮಂಗಳೂರು, ಉಡುಪಿಯ ಕಡೆಯಿಂದ ಕೊಲ್ಲಿ ದೇಶಗಳಿಗೆ ಅರ್ಜಿ ಹಾಕುವ ನರ್ಸುಗಳು, ಎಲೆಕ್ಟ್ರಿಷಿಯನ್‌ಗಳು ಇಂಥ ಕರೆಗಳಿಗೆ ಹೆಚ್ಚು ಸಿಕ್ಕಿಬೀಳುತ್ತಾರೆ. ಏಜೆಂಟ್ ಎಂದು ಹೇಳಿಕೊಂಡವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ನೋಡದೆ ಮಾತು ಮುಂದುವರಿಸಬಾರದು. ಈಗಾಗಲೇ ಅಲ್ಲಿಗೆ ಹೋಗಿ ಕೆಲಸ ಹುಡುಕುತ್ತಿರುವವರು ಊರಿನ ನಂಬರ್ ತೆಗೆದು ಅಲ್ಲಿನ ಸಿಮ್ಮಿನ ನಂಬರ್ ಹಾಕಬೇಕು, ದುಬೈ ಆದರೆ +971ರಿಂದ ಶುರುವಾಗುವುದನ್ನು. ಊರಲ್ಲೇ ಇದ್ದು ಅರ್ಜಿ ಹಾಕುವವರಿಗೆ +91 ಬಿಟ್ಟರೆ ಗತಿಯಿಲ್ಲ. ಬರೀ ಹತ್ತು ಅಂಕಿ ಬರೆದರೆ ಅಲ್ಲಿನ ಫೋನ್ ಅದನ್ನು ತನ್ನದೇ ಊರಿನ ನಂಬರೆಂದು ತಿಳಿದು ಒದ್ದಾಡುತ್ತದೆ.

ನಡುವೆ ನಂಬರ್ ಬದಲಾದರೆ ಅರ್ಜಿ ಹಾಕಿದ ಪ್ರತಿ ಕಡೆಗೂ ಇಮೇಲ್ ಮಾಡಿ ತಿಳಿಸಬೇಕು, ಪೋರ್ಟಲ್‌ಗಳಲ್ಲಿ ತಿದ್ದಬೇಕು. ಎಲ್ಲೆಲ್ಲಿ ಹಾಕಿದ್ದೀರಿ ಎಂಬ ಪಟ್ಟಿ ಇದ್ದರೆ ಇದು ಅರ್ಧ ಗಂಟೆಯ ಕೆಲಸ. ಕೆಲಸ ಸಿಕ್ಕ ಮೇಲೆ ಅದೇ ಪಟ್ಟಿ ಹಿಡಿದು ಪೋರ್ಟಲ್‌ಗಳಿಗೆ ಮತ್ತೊಮ್ಮೆ ಹೋಗಿ, ನಿಮ್ಮ ಪ್ರೊಫೈಲನ್ನು ಕಾಣದಂತೆ ಮಾಡಿ, ಹಾಕಿದ್ದ ರೆಸ್ಯೂಮ್ ಅಳಿಸಿ. ಅಳಿಸದಿದ್ದರೆ ಎರಡು ಮೂರು ವರ್ಷಗಳ ನಂತರವೂ ಆ ನಂಬರಿಗೆ ಫ್ರೆಷರ್‌ಗಳ ಕೆಲಸದ ಕರೆ ಬರುತ್ತಲೇ ಇರುತ್ತದೆ.